118 ಮಿಲಿಗ್ರಾಂ ಶುಗರ್ ಎಂದರೆ 6.5 ಮಿಲಿಮೋಲೋ, 6.6 ಮಿಲಿಮೋಲೋ?

ಪ್ರಶ್ನೆ: ಬೇರೆ ದೇಶದ ಲ್ಯಾಬಿನಲ್ಲಿ ಮಾಡಿಸಿದ ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಫಾಸ್ಟಿಂಗ್ ಗ್ಲೂಕೋಸ್ 118 mg/dL ಎಂದಿದೆ. ನಾನೀಗ ಇರುವ ಕಡೆ ಕ್ಲಿನಿಕ್ಕಿನ ಫಾರ್ಮಿನಲ್ಲಿ mmol/L ಕೇಳುತ್ತಾರೆ. 18ರಿಂದ ಭಾಗಿಸಿದರೆ ನನಗೆ 6.6 ಬರುತ್ತದೆ, ಫೋನಿನ ಆ್ಯಪ್ 6.5 ಅನ್ನುತ್ತದೆ. ಯಾವುದನ್ನು ಬರೆಯಲಿ? ಅದೇ ರಿಪೋರ್ಟಿನ ಕೊಲೆಸ್ಟ್ರಾಲ್ 204 ಅನ್ನೂ 18ರಿಂದ ಭಾಗಿಸಿದೆ, 11.3 ಬಂತು. ಗಾಬರಿಯಾಗಿದೆ. ಕೆಳಗೆ ಎಚ್‌ಬಿಎ1ಸಿ 6.1% ಎಂದೂ ಇದೆ, ಅದನ್ನು ಏನು ಮಾಡಬೇಕೋ ತಿಳಿಯುತ್ತಿಲ್ಲ.

ಉತ್ತರ: ಮೊದಲು ಗಾಬರಿ ಬಿಡಿ. ನಿಮ್ಮ ಕೊಲೆಸ್ಟ್ರಾಲ್ 11.3 ಅಲ್ಲ, 5.3. ಗ್ಲೂಕೋಸಿನ ಜಾಗದಲ್ಲಿ 6.5 ಎಂದು ಬರೆದು, ಅದರ ಪಕ್ಕದಲ್ಲೇ ಮೂಲ ರಿಪೋರ್ಟಿನ 118 mg/dL ಅನ್ನೂ ಬರೆಯಿರಿ. ಎಚ್‌ಬಿಎ1ಸಿಯನ್ನು 18ರಿಂದ ಭಾಗಿಸಲೇಬೇಡಿ. ಅದರ ಲೆಕ್ಕ ಬೇರೆ. ಈ ಮೂರು ಮಾತುಗಳ ಹಿಂದಿನ ಕಾರಣ ಗೊತ್ತಿದ್ದರೆ ಮುಂದಿನ ರಿಪೋರ್ಟನ್ನು ನೀವೇ ಧೈರ್ಯವಾಗಿ ಬದಲಿಸಿಕೊಳ್ಳಬಹುದು.

18 ಎಂಬ ಅಂಕಿ ಎಲ್ಲಿಂದ ಬಂತು ಎಂಬುದರಿಂದ ಶುರು ಮಾಡೋಣ, ಏಕೆಂದರೆ ಕೊಲೆಸ್ಟ್ರಾಲಿನ ತಪ್ಪೂ 6.5–6.6ರ ಗೊಂದಲವೂ ಅಲ್ಲೇ ಹುಟ್ಟುತ್ತವೆ. mg/dL ಎಂದರೆ ಒಂದು ಡೆಸಿಲೀಟರಿನಲ್ಲಿ, ಅಂದರೆ 100 ಮಿಲಿಲೀಟರಿನಲ್ಲಿ, ಎಷ್ಟು ಮಿಲಿಗ್ರಾಂ ತೂಕದ ಗ್ಲೂಕೋಸ್ ಇದೆ ಎಂಬ ಲೆಕ್ಕ. mmol/L ತೂಕದ ಲೆಕ್ಕವಲ್ಲ. ಒಂದು ಲೀಟರಿನಲ್ಲಿ ಎಷ್ಟು ಅಣುಗಳಿವೆ ಎಂಬ ಎಣಿಕೆ ಅದು. ಅಣುಗಳನ್ನು ಒಂದೊಂದಾಗಿ ಎಣಿಸಲಾಗದ ಕಾರಣ ಮೋಲ್ ಎಂಬ ದೊಡ್ಡ ಕಟ್ಟಿನಲ್ಲಿ ಎಣಿಸುತ್ತಾರೆ. ತೂಕದಿಂದ ಎಣಿಕೆಗೆ ಹೋಗಬೇಕಾದರೆ ಒಂದು ಕಟ್ಟು ಎಷ್ಟು ತೂಗುತ್ತದೆ ಎಂದು ತಿಳಿದಿರಬೇಕು, ಮತ್ತು ಆ ತೂಕ ಪ್ರತಿ ವಸ್ತುವಿಗೂ ಬೇರೆ.

ಗ್ಲೂಕೋಸಿನ ಅಣುವಿನಲ್ಲಿ 6 ಇಂಗಾಲ, 12 ಜಲಜನಕ, 6 ಆಮ್ಲಜನಕದ ಪರಮಾಣುಗಳಿವೆ. ಇಂಗಾಲದ್ದು 72.066, ಜಲಜನಕದ್ದು 12.096, ಆಮ್ಲಜನಕದ್ದು 95.994. ಕೂಡಿದರೆ 180.156. ಅಂದರೆ ಒಂದು ಮಿಲಿಮೋಲ್ ಗ್ಲೂಕೋಸ್ 180.156 ಮಿಲಿಗ್ರಾಂ ತೂಗುತ್ತದೆ. ಇನ್ನು ಡೆಸಿಲೀಟರಿನಿಂದ ಲೀಟರಿಗೆ ಹೋಗಲು 10ರಿಂದ ಗುಣಿಸಬೇಕು. ನಿಮ್ಮ 118 ಮಿಲಿಗ್ರಾಂ ಒಂದು ಲೀಟರಿಗೆ 1180 ಮಿಲಿಗ್ರಾಂ ಆಯಿತು. ಅದನ್ನು 180.156ರಿಂದ ಭಾಗಿಸಿ. ಈ ಎರಡು ಹೆಜ್ಜೆಗಳನ್ನು ಒಂದೇ ಮಾಡಿದರೆ ಭಾಜಕ 18.0156. ಬಾಯಿಲೆಕ್ಕಕ್ಕೆ ಅನುಕೂಲವಾಗಲೆಂದು ಅದರ ಬಾಲ ಕತ್ತರಿಸಿ 18 ಎನ್ನುತ್ತಾರೆ.

```
mmol/L = mg/dL ÷ 18.0156
mg/dL  = mmol/L × 18.0156
```

ಬಾಲ ಕತ್ತರಿಸಿದ್ದರಿಂದ ಆಗುವ ವ್ಯತ್ಯಾಸ ಶೇಕಡಾ 0.09, ಅಂದರೆ ಸಾವಿರಕ್ಕೆ ಒಂದರಷ್ಟೂ ಇಲ್ಲ. ಹೆಚ್ಚಿನ ರೀಡಿಂಗ್‌ಗಳಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ನಿಮ್ಮ 118 ಮಾತ್ರ ಸರಿಯಾಗಿ ಗಡಿರೇಖೆಯ ಮೇಲೆ ಹೋಗಿ ಕೂತಿದೆ. 118 ಅನ್ನು 18ರಿಂದ ಭಾಗಿಸಿದರೆ 6.5556. ಒಂದು ದಶಮಾಂಶಕ್ಕೆ ರೌಂಡ್ ಮಾಡಿದರೆ 6.6. ಅದನ್ನೇ 18.0156ರಿಂದ ಭಾಗಿಸಿದರೆ 6.5499. ರೌಂಡ್ ಮಾಡಿದರೆ 6.5. ಕೆಲವು ಪಟ್ಟಿಗಳಲ್ಲಿ 0.0555ರಿಂದ ಗುಣಿಸಿ ಎಂದಿರುತ್ತದೆ. ಹಾಗೆ ಮಾಡಿದರೆ 6.549, ಅಂದರೆ ಮತ್ತೆ 6.5. ನಿಮ್ಮ ಕೈಲೆಕ್ಕವೂ ತಪ್ಪಲ್ಲ, ಆ್ಯಪ್‌ನ ಲೆಕ್ಕವೂ ತಪ್ಪಲ್ಲ. ಎರಡರ ನಡುವಿನ ನಿಜವಾದ ಅಂತರ 0.006 ಅಷ್ಟೇ. ರೌಂಡ್ ಮಾಡುವ ಹೆಜ್ಜೆ ಅದನ್ನು 0.1ಕ್ಕೆ ಹಿಗ್ಗಿಸಿ ತೋರಿಸಿತು.

ಇದರಲ್ಲೇ ಇನ್ನೊಂದು ಬಲೆ ಇದೆ. 6.5499 ಅನ್ನು ಮೊದಲು ಎರಡು ದಶಮಾಂಶಕ್ಕೆ ತಂದರೆ 6.55 ಆಗುತ್ತದೆ. ಅದನ್ನು ಕಾಗದದಲ್ಲಿ ಬರೆದುಕೊಂಡು ಆಮೇಲೆ ಯಾರಾದರೂ ಒಂದು ದಶಮಾಂಶಕ್ಕೆ ತಂದರೆ 6.6! ಸರಿಯಾದ ಭಾಜಕದಿಂದಲೇ ಶುರು ಮಾಡಿದರೂ ಎರಡು ಸಲ ರೌಂಡ್ ಮಾಡಿದ್ದರಿಂದ ಉತ್ತರ ಮೇಲಕ್ಕೆ ಹತ್ತಿತು. ಆದ್ದರಿಂದ ಕ್ಯಾಲ್ಕ್ಯುಲೇಟರಿನಲ್ಲಿ ಬಂದ ಪೂರ್ತಿ ಸಂಖ್ಯೆಯನ್ನು ಇಟ್ಟುಕೊಂಡು ಕೊನೆಯಲ್ಲಿ ಒಂದೇ ಸಲ ರೌಂಡ್ ಮಾಡಿ.

ಇಷ್ಟಾದರೂ 6.5ಕ್ಕೂ 6.6ಕ್ಕೂ ನಡುವೆ ಯಾವುದು ‘ನಿಜ’ ಎಂದು ಆಳವಾಗಿ ಹುಡುಕುವುದರಲ್ಲಿ ಅರ್ಥವಿಲ್ಲ, ಏಕೆಂದರೆ 118 ಎಂಬುದೇ ರೌಂಡ್ ಮಾಡಿದ ಸಂಖ್ಯೆ. ಯಂತ್ರ ಅಳೆದದ್ದು 117.5ರಿಂದ 118.5ರ ನಡುವೆ ಎಲ್ಲಾದರೂ ಇದ್ದಿರಬಹುದು. ಮಿಲಿಮೋಲ್‌ನಲ್ಲಿ ಆ ಪಟ್ಟಿ 6.52ರಿಂದ 6.58. ಅಂದರೆ 6.55ರ ಎರಡೂ ಬದಿಗೆ ಚಾಚಿಕೊಂಡಿದೆ. ಲ್ಯಾಬಿನ ಯಂತ್ರ ಒಂದೇ ಮಾದರಿಯನ್ನು ಮತ್ತೆ ಮತ್ತೆ ಅಳೆದಾಗ ಶೇಕಡಾ 2–3ರಷ್ಟು ಏರಿಳಿತ ಸಹಜ, 118ರ ಮೇಲೆ ಅದು ಸುಮಾರು 3 ಮಿಲಿಗ್ರಾಂ. ಅದರ ಮೇಲೆ ಒಬ್ಬ ವ್ಯಕ್ತಿಯ ಫಾಸ್ಟಿಂಗ್ ಮಟ್ಟವೇ ದಿನದಿಂದ ದಿನಕ್ಕೆ ಇದಕ್ಕಿಂತ ಹೆಚ್ಚು ಬದಲಾಗುತ್ತದೆ. ನಾಳೆ ಬೆಳಿಗ್ಗೆ ಅದೇ ಲ್ಯಾಬಿನಲ್ಲಿ ರಕ್ತ ಕೊಟ್ಟರೆ 112 ಬರಬಹುದು, 123 ಬರಬಹುದು. ವೈದ್ಯರು 6.5 ಓದಿದರೂ 6.6 ಓದಿದರೂ ಹೇಳುವ ಮಾತು ಒಂದೇ ಆಗಿರುತ್ತದೆ. 6.5 ಬರೆಯಿರಿ ಎಂದದ್ದು ಅದು ಪೂರ್ತಿ ಭಾಜಕದಿಂದ ಬಂದ ಉತ್ತರ ಎಂಬ ಕಾರಣಕ್ಕೆ ಮಾತ್ರ.

ಆದರೆ ಪಕ್ಕದಲ್ಲಿ 118 ಅನ್ನೂ ಬರೆಯಿರಿ ಎಂದಿದ್ದೇನಲ್ಲ, ಅದನ್ನು ಮಾತ್ರ ಬಿಡಬೇಡಿ. ಒಂದು ದಶಮಾಂಶದ ಮಿಲಿಮೋಲ್ ಸಂಖ್ಯೆ ಸ್ವಲ್ಪ ಒರಟು ಅಳತೆ. ಅದರ ಒಂದು ಹೆಜ್ಜೆ, ಅಂದರೆ 0.1, ಸುಮಾರು 1.8 ಮಿಲಿಗ್ರಾಂಗೆ ಸಮ. ಹೀಗಾಗಿ ಒಮ್ಮೆ ಮಿಲಿಮೋಲ್‌ಗೆ ಇಳಿಸಿ ರೌಂಡ್ ಮಾಡಿದ ಮೇಲೆ ಮೂಲ ಸಂಖ್ಯೆ ಸಿಗುತ್ತದೆಂಬ ಭರವಸೆ ಇಲ್ಲ. 6.5 ಅನ್ನು ಹಿಂದಕ್ಕೆ ತಿರುಗಿಸಿದರೆ 117, 6.6 ಅನ್ನು ತಿರುಗಿಸಿದರೆ 119. ನಿಮ್ಮ 118 ಎರಡರಿಂದಲೂ ಬರುವುದಿಲ್ಲ, ಕಳೆದೇ ಹೋಯಿತು. ಮುಂದೆ ನೀವು ಮೂಲ ದೇಶಕ್ಕೆ ಹಿಂತಿರುಗಿ ಅಲ್ಲಿನ ವೈದ್ಯರಿಗೆ ಈ ಹೊಸ ದಾಖಲೆ ತೋರಿಸಿದರೆ, ಅವರು 117 ಎಂದು ಬರೆದುಕೊಂಡು ಒಂದೇ ಪರೀಕ್ಷೆಯನ್ನು ಎರಡು ಪರೀಕ್ಷೆಗಳೆಂದು ತಿಳಿಯುವ ಸಾಧ್ಯತೆ ಇದೆ.

ಮೂಲ ಸಂಖ್ಯೆ ಉಳಿಸಿಕೊಳ್ಳಲು ಇನ್ನೂ ಗಟ್ಟಿಯಾದ ಕಾರಣವೊಂದಿದೆ. ರೋಗನಿರ್ಣಯದ ಗಡಿಗಳು. ಫಾಸ್ಟಿಂಗ್‌ನಲ್ಲಿ 126 ಮಿಲಿಗ್ರಾಂ ಅಥವಾ 7.0 ಮಿಲಿಮೋಲ್ ಮುಟ್ಟಿದರೆ ಮಧುಮೇಹದ ವ್ಯಾಪ್ತಿ. ಲಕ್ಷಣಗಳಿಲ್ಲದವರಲ್ಲಿ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಯೇ ಅದನ್ನು ಖಚಿತಪಡಿಸುತ್ತಾರೆ. ಅದರ ಕೆಳಗಿನ ನಡುಪಟ್ಟಿ, ಅಂದರೆ ಸಾಮಾನ್ಯಕ್ಕಿಂತ ಹೆಚ್ಚು ಆದರೆ ಮಧುಮೇಹವಲ್ಲದ ಮಟ್ಟ, ಎಲ್ಲಿಂದ ಶುರುವಾಗುತ್ತದೆ ಎಂಬುದರಲ್ಲಿ ಎರಡು ಪದ್ಧತಿಗಳಿವೆ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2003ರಿಂದ 100 ಮಿಲಿಗ್ರಾಂ, ಅಂದರೆ 5.6 ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 110 ಮಿಲಿಗ್ರಾಂ, ಅಂದರೆ 6.1 ಎನ್ನುತ್ತದೆ. ನಿಮ್ಮ 118 ಎರಡೂ ಪದ್ಧತಿಗಳಲ್ಲಿ ಈ ನಡುಪಟ್ಟಿಯೊಳಗೇ ಇದೆ, ಮಧುಮೇಹದ ಗಡಿಗಿಂತ ಕೆಳಗಿದೆ.

ಈಗ ನಿಮ್ಮ ರೀಡಿಂಗ್ 118ರ ಬದಲು 109 ಆಗಿತ್ತು ಎಂದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 109 ಗಡಿಯ ಕೆಳಗೆ. ಅದನ್ನು ಮಿಲಿಮೋಲ್‌ಗೆ ತನ್ನಿ: 6.0503. ರೌಂಡ್ ಮಾಡಿದರೆ 6.1. ಅಂದರೆ ಗಡಿಯ ಮೇಲೆ. ರಕ್ತ ಅದೇ, ದಿನ ಅದೇ, ಮಾನ ಬದಲಾಯಿಸಿದ್ದಷ್ಟೇ, ಆದರೆ ಕಂಪ್ಯೂಟರಿನಲ್ಲಿ ಅದು ಬೇರೆ ಗುಂಪಿಗೆ ಸೇರಿಬಿಡುತ್ತದೆ. 100ರಲ್ಲೂ ಹೀಗೊಂದು ತೊಡಕಿದೆ. 18.0156ರಿಂದ ಭಾಗಿಸಿದರೆ 5.5507 ಬಂದು 5.6 ಆಗುತ್ತದೆ. ಆದರೆ ಯಾರಾದರೂ ಗುಣಕವನ್ನು 0.055 ಎಂದು ಮೊಟಕು ಮಾಡಿಕೊಂಡಿದ್ದರೆ 5.5 ಬರುತ್ತದೆ, ಗಡಿಯ ಕೆಳಗೆ ಜಾರುತ್ತದೆ. ಹೀಗಾಗಿ ನನ್ನ ಸಲಹೆ ಇಷ್ಟು: ಗಡಿಯೊಂದಿಗೆ ಹೋಲಿಸುವಾಗ ಲ್ಯಾಬ್ ಕೊಟ್ಟ ಮಾನದಲ್ಲೇ ಹೋಲಿಸಿ. ಬದಲಿಸಿದ ಸಂಖ್ಯೆ ಓದಲು ಮತ್ತು ಫಾರ್ಮ್ ತುಂಬಲು ಇರಲಿ, ತೀರ್ಪು ಕೊಡಲು ಬೇಡ.

ರಿಪೋರ್ಟಿನ ಬಲಗಡೆ ಇರುವ ಸಾಮಾನ್ಯ ವ್ಯಾಪ್ತಿಯನ್ನೂ ರೀಡಿಂಗಿನ ಜೊತೆಗೇ ಬದಲಿಸಿ ಬರೆದುಕೊಳ್ಳಿ. ಅಲ್ಲಿ 70–99 ಎಂದಿದ್ದರೆ ಅದು 3.9–5.5. ಹೊಸ ಕ್ಲಿನಿಕ್ಕಿನ ಫಾರ್ಮಿನಲ್ಲಿ 6.0ರವರೆಗೂ ಸಾಮಾನ್ಯ ಎಂದು ಅಚ್ಚಾಗಿದ್ದರೆ ಆಶ್ಚರ್ಯಪಡಬೇಡಿ. ಅದು ಲೆಕ್ಕದ ತಪ್ಪಲ್ಲ, ಮೇಲೆ ಹೇಳಿದ ಎರಡು ಪದ್ಧತಿಗಳಲ್ಲಿ ಅವರು ಎರಡನೆಯದನ್ನು ಅನುಸರಿಸುತ್ತಿದ್ದಾರೆ ಅಷ್ಟೇ. 108 ಮಿಲಿಗ್ರಾಂ ಒಂದು ಕಡೆ ದಪ್ಪ ಅಕ್ಷರದಲ್ಲಿ ‘ಹೆಚ್ಚು’ ಎಂದು ಅಚ್ಚಾಗಿ, ಇನ್ನೊಂದು ಕಡೆ ಯಾವ ಗುರುತೂ ಇಲ್ಲದೆ ಬರುವುದು ಹೀಗೆ.

ಕ್ಯಾಲ್ಕ್ಯುಲೇಟರ್ ಇಲ್ಲದಾಗ, ಅಥವಾ ಕ್ಯಾಲ್ಕ್ಯುಲೇಟರಿನ ಉತ್ತರ ಸರಿ ಇದೆಯೇ ಎಂದು ನೋಡಲು, ನಾಲ್ಕು ಕಂಬಗಳನ್ನು ನೆನಪಿಟ್ಟುಕೊಂಡರೆ ಸಾಕು: 90 ಎಂದರೆ 5, 180 ಎಂದರೆ 10, 270 ಎಂದರೆ 15, 360 ಎಂದರೆ 20. ನಡುವೆ ಪ್ರತಿ 18ಕ್ಕೆ ಒಂದು, ಪ್ರತಿ 9ಕ್ಕೆ ಅರ್ಧ. ನಿಮ್ಮ 118ಕ್ಕೆ ಹೀಗೆ ಹೋಗಿ: 90ಕ್ಕೆ 5, ಇನ್ನೊಂದು 18 ಸೇರಿಸಿದರೆ 108ಕ್ಕೆ 6, ಉಳಿದದ್ದು 10, ಅದು ಅರ್ಧಕ್ಕಿಂತ ಒಂದು ಚೂರು ಜಾಸ್ತಿ. ಆರೂವರೆಯ ಸುತ್ತಮುತ್ತ ಇರಬೇಕು. ಭಾಗಿಸುವ ಬದಲು ಗುಣಿಸಿಬಿಟ್ಟರೆ 2124 ಬರುತ್ತದೆ, ಅದು ಕೂಡಲೇ ಕಣ್ಣಿಗೆ ಹೊಡೆಯುತ್ತದೆ. ಆದರೆ ದಶಮಾಂಶ ಬಿಂದು ಜಾರಿ 65 ಆದರೆ ಹಾಗೆ ಹೊಡೆಯುವುದಿಲ್ಲ, ಏಕೆಂದರೆ 65 ಎಂಬುದು ಮಿಲಿಗ್ರಾಂನಲ್ಲಿ ನಂಬಬಹುದಾದ ಸಂಖ್ಯೆ. ಅದನ್ನು ಓದಿದವರು ಶುಗರ್ ತೀರಾ ಕಡಿಮೆಯಾಗಿದೆ ಎಂದುಕೊಂಡಾರು.

ಸಂಖ್ಯೆಯ ಗಾತ್ರ ನೋಡಿ ಮಾನವನ್ನು ಊಹಿಸುವ ಅಭ್ಯಾಸ ಹಲವರಿಗಿದೆ. ಬಹುತೇಕ ಅದು ನಡೆಯುತ್ತದೆ: ಮೂರಂಕಿ ಇದ್ದರೆ ಮಿಲಿಗ್ರಾಂ, ಒಂದಂಕಿಯ ಜೊತೆ ದಶಮಾಂಶ ಇದ್ದರೆ ಮಿಲಿಮೋಲ್. ನಡೆಯದೇ ಇರುವ ಜಾಗವೇ ಅತ್ಯಂತ ಅಪಾಯದ್ದು. 25 ಎಂದು ಮಾತ್ರ ಬರೆದಿದ್ದರೆ, ಮಿಲಿಗ್ರಾಂನಲ್ಲಿ ಅದು ಪ್ರಜ್ಞೆ ತಪ್ಪಿಸುವಷ್ಟು ಕಡಿಮೆ ಶುಗರ್, ಮಿಲಿಮೋಲ್‌ನಲ್ಲಿ ಅದು 450 ಮಿಲಿಗ್ರಾಂಗೆ ಸಮನಾದ ವಿಪರೀತ ಹೆಚ್ಚಿನ ಶುಗರ್. ಎರಡೂ ಜನರಲ್ಲಿ ನಿಜವಾಗಿ ಕಂಡುಬರುವ ಮಟ್ಟಗಳೇ, ಎರಡರ ಚಿಕಿತ್ಸೆಯೂ ಒಂದಕ್ಕೊಂದು ವಿರುದ್ಧ. ಮಾನ ಬರೆಯದ ಗ್ಲೂಕೋಸ್ ಸಂಖ್ಯೆಯನ್ನು ಯಾವ ದಾಖಲೆಯಲ್ಲೂ ಬಿಡಬಾರದು ಎನ್ನುವುದು ಇದಕ್ಕೇ.

ವಿದೇಶಿ ರಿಪೋರ್ಟಿನಲ್ಲಿ ಈ ಎರಡು ಮಾನಗಳನ್ನು ಬಿಟ್ಟು ಬೇರೆಯವೂ ಸಿಗುತ್ತವೆ. mg% ಅಥವಾ mg/100 mL ಎಂದಿದ್ದರೆ ಅದು mg/dL ಎಂಬುದರ ಇನ್ನೊಂದು ಹೆಸರು, ಏನೂ ಮಾಡಬೇಕಿಲ್ಲ. ಫ್ರಾನ್ಸಿನ ರಿಪೋರ್ಟುಗಳಲ್ಲಿ ಗ್ಲೂಕೋಸ್ g/L ಎಂದು, ಅಂದರೆ ಲೀಟರಿಗೆ ಗ್ರಾಂ ಲೆಕ್ಕದಲ್ಲಿ ಇರುತ್ತದೆ. ನಿಮ್ಮ ರೀಡಿಂಗ್ ಅಲ್ಲಿ 1,18 ಎಂದು ಕಾಣುತ್ತಿತ್ತು. ಅದನ್ನು 100ರಿಂದ ಗುಣಿಸಿದರೆ ಮಿಲಿಗ್ರಾಂ ಲೆಕ್ಕ ಬರುತ್ತದೆ. ಆ ಅಲ್ಪವಿರಾಮವನ್ನೂ ಗಮನಿಸಿ. ಯುರೋಪಿನ ಹಲವು ದೇಶಗಳಲ್ಲಿ ದಶಮಾಂಶ ಬಿಂದುವಿನ ಜಾಗದಲ್ಲಿ ಅಲ್ಪವಿರಾಮ ಹಾಕುತ್ತಾರೆ, 6,5 ಎಂದರೆ ಆರೂವರೆ. ಜರ್ಮನಿಯಲ್ಲಿ ಎರಡೂ ಮಾನಗಳು ಬಳಕೆಯಲ್ಲಿವೆ, ಆದ್ದರಿಂದ ಅಲ್ಲಿನ ರಿಪೋರ್ಟನ್ನು ದೇಶದ ಹೆಸರು ನೋಡಿ ನಿರ್ಧರಿಸಲಾಗದು, ಸಾಲಿನಲ್ಲಿ ಅಚ್ಚಾದ ಮಾನವನ್ನೇ ಓದಬೇಕು.

ಈಗ ಕೊಲೆಸ್ಟ್ರಾಲ್. ಕೊಲೆಸ್ಟ್ರಾಲಿನ ಅಣು ಗ್ಲೂಕೋಸಿಗಿಂತ ಎರಡು ಪಟ್ಟಿಗೂ ಹೆಚ್ಚು ಭಾರ. ಅದರ ಒಂದು ಮಿಲಿಮೋಲ್ ಸುಮಾರು 386.7 ಮಿಲಿಗ್ರಾಂ ತೂಗುತ್ತದೆ, ಹಾಗಾಗಿ ಭಾಜಕ 38.67. ನಿಮ್ಮ 204 ಅನ್ನು ಅದರಿಂದ ಭಾಗಿಸಿದರೆ 5.28, ಅಂದರೆ 5.3. ಎಚ್‌ಡಿಎಲ್, ಎಲ್‌ಡಿಎಲ್ ಎರಡಕ್ಕೂ ಇದೇ 38.67, ಏಕೆಂದರೆ ಅಲ್ಲಿ ಅಳೆಯುವುದೂ ಕೊಲೆಸ್ಟ್ರಾಲನ್ನೇ. ಟ್ರೈಗ್ಲಿಸರೈಡ್‌ಗೆ ಭಾಜಕ 88.57. ಅದು ಒಂದೇ ಬಗೆಯ ಅಣುವಲ್ಲ, ಬೇರೆ ಬೇರೆ ಉದ್ದದ ಕೊಬ್ಬಿನಾಮ್ಲಗಳ ಮಿಶ್ರಣ, ಹಾಗಾಗಿ ಈ ಭಾಜಕ ಸರಾಸರಿ ತೂಕದಿಂದ ಬಂದದ್ದು. ಕ್ರಿಯಾಟಿನಿನ್‌ನಲ್ಲಿ ದಿಕ್ಕೇ ತಿರುಗುತ್ತದೆ. ಅದನ್ನು ಮೈಕ್ರೋಮೋಲ್‌ನಲ್ಲಿ ಕೊಡುವುದರಿಂದ mg/dL ಸಂಖ್ಯೆಯನ್ನು 88.4ರಿಂದ ಗುಣಿಸಬೇಕು. 0.9 ಇದ್ದದ್ದು 80 ಆಗುತ್ತದೆ. ಒಂದು ಸಾಲಿಗೆ ಸರಿಯಾದ ಅಂಕಿ ಇನ್ನೊಂದು ಸಾಲಿಗೆ ನಡೆಯುವುದಿಲ್ಲ. ರಿಪೋರ್ಟಿನ ಪ್ರತಿ ಸಾಲಿನಲ್ಲೂ ವಸ್ತುವಿನ ಹೆಸರು ಮತ್ತು ಮಾನ ಎರಡನ್ನೂ ಓದಿಯೇ ಭಾಜಕ ಹಿಡಿಯಬೇಕು.

ಎಚ್‌ಬಿಎ1ಸಿಯ ವಿಷಯಕ್ಕೆ ಸ್ವಲ್ಪ ನಿಲ್ಲೋಣ, ಇಲ್ಲಿ ಎಡವುವವರು ಹೆಚ್ಚು. ಇದು ರಕ್ತದಲ್ಲಿನ ಗ್ಲೂಕೋಸಿನ ಪ್ರಮಾಣವಲ್ಲ. ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲಿಗೆ ಗ್ಲೂಕೋಸ್ ಅಂಟಿಕೊಂಡಿದೆ ಎಂಬ ಅನುಪಾತ. ಮಿಲಿಮೋಲ್ ಬಳಸುವ ಹಲವು ದೇಶಗಳಲ್ಲಿ ಇದನ್ನು mmol/mol ಎಂದು ಕೊಡುತ್ತಾರೆ. mmol/L ಅಲ್ಲ, mmol/mol. ನೋಡಲು ಒಂದೇ ತರಹ ಇರುವುದರಿಂದ ಕಣ್ಣು ಜಾರುತ್ತದೆ. ಲೆಕ್ಕ ಹೀಗೆ:

```
mmol/mol = (% − 2.15) × 10.929
```

ನಿಮ್ಮ 6.1ರಿಂದ 2.15 ಕಳೆದರೆ 3.95, ಅದನ್ನು 10.929ರಿಂದ ಗುಣಿಸಿದರೆ 43.17. ಫಾರ್ಮಿನಲ್ಲಿ 43 ಎಂದು ಬರೆಯಿರಿ. ಮಧುಮೇಹದ ಗಡಿ 6.5%, ಅದು ಈ ಮಾನದಲ್ಲಿ 48. ಗ್ಲೂಕೋಸಿನಲ್ಲಿ ಬರೀ ಭಾಗಾಕಾರ ಸಾಕಾಗುತ್ತದೆ, ಏಕೆಂದರೆ ಎರಡೂ ಮಾನಗಳ ಸೊನ್ನೆ ಒಂದೇ ಕಡೆ ಇದೆ. ಇಲ್ಲಿ ಸೊನ್ನೆಯೇ ಸರಿದಿದೆ, ಅದಕ್ಕೇ ಮೊದಲು ಕಳೆಯಬೇಕಾಗುತ್ತದೆ. ಇದರಿಂದ ಇನ್ನೊಂದು ಪರಿಣಾಮವೂ ಇದೆ. ‘ಶುಗರ್ 36 ಮಿಲಿಗ್ರಾಂ ಇಳಿದಿದೆ’ ಎಂಬ ವ್ಯತ್ಯಾಸವನ್ನು 18ರಿಂದ ಭಾಗಿಸಿ ‘2 ಮಿಲಿಮೋಲ್ ಇಳಿದಿದೆ’ ಎನ್ನಬಹುದು. ಆದರೆ ‘ಎಚ್‌ಬಿಎ1ಸಿ 1% ಇಳಿದಿದೆ’ ಎಂಬುದನ್ನು ಆ ಸೂತ್ರಕ್ಕೆ ಹಾಕಿದರೆ ಋಣ ಸಂಖ್ಯೆ ಬರುತ್ತದೆ. ವ್ಯತ್ಯಾಸಕ್ಕೆ 2.15 ಕಳೆಯಬಾರದು, 10.929ರಿಂದ ಗುಣಿಸಬೇಕು ಅಷ್ಟೇ. 1% ಇಳಿದರೆ ಸುಮಾರು 11.

ನಿಮ್ಮ ರಿಪೋರ್ಟಿನಲ್ಲಿ ಎಚ್‌ಬಿಎ1ಸಿಯ ಕೆಳಗೆ ‘ಅಂದಾಜು ಸರಾಸರಿ ಗ್ಲೂಕೋಸ್’ ಎಂಬ ಸಾಲೂ ಇರಬಹುದು, ಇಂಗ್ಲಿಷಿನಲ್ಲಿ eAG ಎಂದು. 6.1%ಕ್ಕೆ ಅದು 128 mg/dL ಎಂದು ಅಚ್ಚಾಗಿರುತ್ತದೆ. ಇದು ಯಂತ್ರ ಅಳೆದದ್ದಲ್ಲ, ಎಚ್‌ಬಿಎ1ಸಿಯನ್ನು 28.7ರಿಂದ ಗುಣಿಸಿ 46.7 ಕಳೆದು ಬರೆದದ್ದು. ಮಾನ ಬದಲಿಸಲು ಇದನ್ನು 18.0156ರಿಂದ ಭಾಗಿಸಿ 7.1 ಎನ್ನಬಹುದು, ಲೆಕ್ಕ ಸರಿಯೇ. ತೊಂದರೆ ಏನೆಂದರೆ, ಈ 128 ಅಥವಾ 7.1 ಅನ್ನು ಫಾಸ್ಟಿಂಗ್ ಗ್ಲೂಕೋಸಿನ ಖಾನೆಯಲ್ಲಿ ತಪ್ಪಿ ಬರೆದರೆ, 7.0ರ ಗಡಿ ದಾಟಿ ಮಧುಮೇಹವಿರುವಂತೆ ಕಾಣುತ್ತದೆ. ಸರಾಸರಿ ಎಂದರೆ ಊಟದ ನಂತರದ ಏರಿಕೆಗಳೂ ಸೇರಿದ್ದು, ಅದು ಫಾಸ್ಟಿಂಗಿಗಿಂತ ಹೆಚ್ಚಿರುವುದೇ ಸಹಜ. ‘ಗ್ಲೂಕೋಸ್’ ಎಂಬ ಪದ ಎರಡು ಸಾಲುಗಳಲ್ಲಿ ಕಂಡರೆ ಯಾವುದು ಅಳತೆ, ಯಾವುದು ಅಂದಾಜು ಎಂದು ನೋಡಿಕೊಂಡು ಬರೆಯಿರಿ.

ಮಾನ ಬದಲಿಸುವುದರಿಂದ ಸರಿಹೋಗದ ವ್ಯತ್ಯಾಸಗಳೂ ಇವೆ, ಎರಡು ದೇಶಗಳ ರಿಪೋರ್ಟುಗಳನ್ನು ಪಕ್ಕಪಕ್ಕ ಇಡುವಾಗ ಅವು ಮುಖ್ಯ. ಒಂದು, ಯಾವ ಮಾದರಿ ಎಂಬುದು. ಲ್ಯಾಬುಗಳು ಸಾಮಾನ್ಯವಾಗಿ ಪ್ಲಾಸ್ಮಾ ಅಥವಾ ಸೀರಂನಲ್ಲಿ, ಅಂದರೆ ಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ರಕ್ತದ ದ್ರವಭಾಗದಲ್ಲಿ, ಅಳೆಯುತ್ತವೆ, ಮೇಲಿನ ಗಡಿಗಳೆಲ್ಲ ಅಭಿಧಮನಿಯ ಪ್ಲಾಸ್ಮಾಕ್ಕೆ ಸಂಬಂಧಿಸಿದವು. ಸಾಲಿನಲ್ಲಿ ‘ಪೂರ್ಣ ರಕ್ತ’ ಎಂಬರ್ಥದ whole blood ಎಂದಿದ್ದರೆ ಸಂಖ್ಯೆ ಕಡಿಮೆ ಬರುತ್ತದೆ, ಏಕೆಂದರೆ ಕೆಂಪು ಕಣಗಳ ಒಳಗೆ ನೀರಿನ ಪಾಲು ಪ್ಲಾಸ್ಮಾಕ್ಕಿಂತ ಕಡಿಮೆ, ಗ್ಲೂಕೋಸ್ ಇರುವುದು ನೀರಿನಲ್ಲಿ. ಕೆಂಪು ಕಣಗಳ ಪ್ರಮಾಣ ಸಾಮಾನ್ಯವಾಗಿದ್ದಾಗ ಪೂರ್ಣ ರಕ್ತದ ಸಂಖ್ಯೆಯನ್ನು 1.11ರಿಂದ ಗುಣಿಸಿದರೆ ಪ್ಲಾಸ್ಮಾದ ಸಂಖ್ಯೆ ಬರುತ್ತದೆ. 118 ಪೂರ್ಣ ರಕ್ತದ್ದಾಗಿದ್ದರೆ ಪ್ಲಾಸ್ಮಾದಲ್ಲಿ ಅದು 131, ಅಂದರೆ 7.3. ನಿಮ್ಮ ರಿಪೋರ್ಟಿನಲ್ಲಿ ಪ್ಲಾಸ್ಮಾ ಅಥವಾ ಸೀರಂ ಎಂದಿದ್ದರೆ ಈ ಗುಣಾಕಾರ ಬೇಡವೇ ಬೇಡ. ಬೆರಳು ಚುಚ್ಚಿ ನೋಡುವ ಈಗಿನ ಮೀಟರುಗಳಲ್ಲಿ ಹೆಚ್ಚಿನವು ತಾವೇ ಪ್ಲಾಸ್ಮಾಕ್ಕೆ ಸರಿಹೊಂದಿಸಿ ತೋರಿಸುತ್ತವೆ, ಅವುಗಳಿಗೂ ಬೇಡ.

ಎರಡನೆಯದು, ರಕ್ತ ತೆಗೆದ ಮೇಲೆ ಕಳೆದ ಹೊತ್ತು. ಟ್ಯೂಬಿನೊಳಗೂ ರಕ್ತಕಣಗಳು ಗ್ಲೂಕೋಸನ್ನು ಬಳಸುತ್ತಲೇ ಇರುತ್ತವೆ. ಕಣಗಳನ್ನು ಬೇರ್ಪಡಿಸದೆ ಕೋಣೆಯ ಉಷ್ಣತೆಯಲ್ಲಿ ಇಟ್ಟರೆ ಗಂಟೆಗೆ ಶೇಕಡಾ 5–7ರಷ್ಟು ಇಳಿಯುತ್ತದೆ. ಫ್ಲೋರೈಡ್ ಹಾಕಿದ ಟ್ಯೂಬ್ ಅದನ್ನು ತಡೆಯುತ್ತದೆ, ಆದರೆ ಗ್ಲೂಕೋಸ್ ಒಡೆಯುವ ಸರಣಿಯ ಕೊನೆಯ ಭಾಗದಲ್ಲಿ ಅದು ಅಡ್ಡ ಹಾಕುವುದರಿಂದ ಮೊದಲ ಒಂದೆರಡು ಗಂಟೆ ಇಳಿಕೆ ಪೂರ್ತಿ ನಿಲ್ಲುವುದಿಲ್ಲ. ಮುಂದೆ ಹೊಸ ಲ್ಯಾಬಿನಲ್ಲಿ 7.0 ಬಂತು ಎಂದುಕೊಳ್ಳಿ, ಹಳೆಯ ರಿಪೋರ್ಟಿನ 118ಕ್ಕೂ ಅದಕ್ಕೂ ನಡುವಿನ ವ್ಯತ್ಯಾಸದಲ್ಲಿ ದೊಡ್ಡ ಪಾಲು ಇಂಥದ್ದೇ ಆಗಿರಬಹುದು. ಮಾದರಿ ತೆಗೆದ ಸಮಯ ಮತ್ತು ಲ್ಯಾಬ್ ತಲುಪಿದ ಸಮಯ ಎರಡೂ ರಿಪೋರ್ಟಿನ ಮೇಲ್ಭಾಗದಲ್ಲಿ ಇದ್ದರೆ ನೋಡಿ. ನಡುವೆ ಮೂರು ಗಂಟೆ ಅಂತರವಿದ್ದು ಟ್ಯೂಬಿನ ಬಗೆ ತಿಳಿಯದಿದ್ದರೆ, ವೈದ್ಯರಿಗೆ ಆ ಮಾತು ಹೇಳಿ, ಅವರು ಬಹುಶಃ ಇನ್ನೊಮ್ಮೆ ಮಾಡಿಸುತ್ತಾರೆ.

ಹಲವು ವರ್ಷಗಳ ರೀಡಿಂಗ್‌ಗಳಿದ್ದು ಎಲ್ಲವನ್ನೂ ಬದಲಿಸಬೇಕಿದ್ದರೆ ಸ್ಪ್ರೆಡ್‌ಶೀಟಿನಲ್ಲಿ ಮೂಲ ಸಂಖ್ಯೆಗಳ ಕಾಲಂ ಹಾಗೇ ಇರಲಿ. ಪಕ್ಕದ ಕಾಲಂನಲ್ಲಿ ಸೂತ್ರ ಹಾಕಿ. ಕಂಪ್ಯೂಟರ್ ದಶಮಾಂಶಕ್ಕೆ ಅಲ್ಪವಿರಾಮ ಬಳಸುವ ದೇಶದ ಸೆಟ್ಟಿಂಗ್‌ನಲ್ಲಿದ್ದರೆ ಎರಡನೆಯ ಸಾಲಿನ ರೂಪ ಬೇಕು.

```
=ROUND(A2/18.0156,1)
=ROUND(A2/18,0156;1)
```

ಅಂಥ ಸೆಟ್ಟಿಂಗ್‌ನಲ್ಲಿ 6.5 ಎಂದು ಬಿಂದು ಹಾಕಿ ಟೈಪ್ ಮಾಡಿದರೆ ಕೆಲವು ಕಡೆ ಅದು ಮೇ 6 ಎಂಬ ದಿನಾಂಕವಾಗಿ ಬದಲಾಗುತ್ತದೆ. ಕಾಲಂನಲ್ಲಿ ಎಲ್ಲೋ ಒಂದು ಕಡೆ ತಿಂಗಳ ಹೆಸರು ಕಂಡರೆ ಇದೇ ಕಾರಣ.

ನಿಮ್ಮ ಫಾರ್ಮಿಗೆ ಮರಳೋಣ. ಗ್ಲೂಕೋಸಿನ ಖಾನೆಯಲ್ಲಿ ‘6.5 mmol/L, ಮೂಲ ರಿಪೋರ್ಟಿನಲ್ಲಿ 118 mg/dL, ಫಾಸ್ಟಿಂಗ್, ಪ್ಲಾಸ್ಮಾ’ ಎಂದು ಬರೆದು ರಕ್ತ ಕೊಟ್ಟ ದಿನಾಂಕ ಹಾಕಿ. ರಿಪೋರ್ಟಿನಲ್ಲಿ ಸೀರಂ ಎಂದಿದ್ದರೆ ಹಾಗೇ ಬರೆಯಿರಿ. ದಿನಾಂಕದಲ್ಲಿ ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ, ಏಕೆಂದರೆ 04/07 ಎಂಬುದು ಒಂದು ದೇಶದಲ್ಲಿ ಜುಲೈ, ಇನ್ನೊಂದರಲ್ಲಿ ಏಪ್ರಿಲ್. ಕೊಲೆಸ್ಟ್ರಾಲಿಗೆ 5.3 mmol/L, ಪಕ್ಕದಲ್ಲಿ 204 mg/dL. ಎಚ್‌ಬಿಎ1ಸಿಗೆ 43 mmol/mol, ಪಕ್ಕದಲ್ಲಿ 6.1%. ಮೂಲ ರಿಪೋರ್ಟಿನ ಪ್ರತಿಯನ್ನು ಫಾರ್ಮಿಗೆ ಲಗತ್ತಿಸಿ ಕೊಡಿ. ಫಾಸ್ಟಿಂಗ್ 118 ಮತ್ತು ಎಚ್‌ಬಿಎ1ಸಿ 6.1%, ಎರಡೂ ಮಧುಮೇಹದ ಗಡಿಗಿಂತ ಕೆಳಗೆ, ಆದರೆ ಸಾಮಾನ್ಯಕ್ಕಿಂತ ಮೇಲೆ, ಒಂದೇ ಕಡೆಗೆ ಬೆರಳು ಮಾಡುತ್ತಿವೆ. ಆದ್ದರಿಂದ ಫಾರ್ಮ್ ಕೊಟ್ಟು ಸುಮ್ಮನಾಗದೆ, ಮರುಪರೀಕ್ಷೆ ಯಾವಾಗ ಎಂದು ಅಲ್ಲಿನ ವೈದ್ಯರನ್ನು ಆ ಭೇಟಿಯಲ್ಲೇ ಕೇಳಿ.